ಬೈಂಡಿಂಗ್: ನಿಲ್

ಗ್ರಂಥಪಾಲಕನ ಕೆಲಸದಲ್ಲಿ ಬರವಣಿಗೆ ಬಹಳ. ಆದರೆ ಬರೆಯುವುದೆಲ್ಲ ಬೇರೆಯವರ ಹೆಸರು, ಬೇರೆಯವರ ಪುಸ್ತಕ. ಸೇವೆಯ ಅಷ್ಟು ವರ್ಷಗಳಲ್ಲಿ ನಾನು ಸ್ವಂತ ಬುದ್ಧಿಯಿಂದ ಬರೆದು ಅದರಿಂದ ಏನಾದರೂ ಆಗಿದ್ದರೆ ಅದು ಒಂದೇ ಒಂದು ಪದ. ಅದನ್ನು ಬರೆದ ದಿನ ನನ್ನ ಮೇಲೆ ನನಗೇ ಹೆಮ್ಮೆಯಾಗಿತ್ತು. ಅದಕ್ಕೇ ಈಗ ಅದನ್ನು ಬರೆದಿಡುತ್ತಿದ್ದೇನೆ.

ನಮ್ಮದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆಯ ಮಕ್ಕಳು ಬಸ್ಸು ಹಿಡಿದು ಬರುತ್ತಿದ್ದ ಕಾಲೇಜು. ಗ್ರಂಥಾಲಯ ಇದ್ದದ್ದು ಹಳೆಯ ಕಟ್ಟಡದ ಮಹಡಿಯಲ್ಲಿ. ಪ್ರತಿವರ್ಷ ಫೆಬ್ರವರಿಯಲ್ಲಿ ಕಚೇರಿಯಿಂದ ಒಂದು ಕಾಗದ ಬರುತ್ತಿತ್ತು. ಅದರಲ್ಲಿ ಐದು ಸಾಲು: ಪುಸ್ತಕ ಖರೀದಿ, ನಿಯತಕಾಲಿಕೆ, ಬೈಂಡಿಂಗ್, ಸದಸ್ಯತ್ವ ಶುಲ್ಕ, ಇತರೆ. ಈ ಸಾಲುಗಳಿಗೆ ನಾವು ‘ಹೆಡ್’ ಎನ್ನುತ್ತಿದ್ದೆವು. ಎದುರಿಗೆ ಮೂರು ಅಂಕಣ: ಕಳೆದ ವರ್ಷ ಮಂಜೂರಾದದ್ದು, ನಿಜವಾಗಿ ಖರ್ಚಾದದ್ದು, ಮುಂದಿನ ವರ್ಷಕ್ಕೆ ಕೇಳುವುದು. ನಾನು ಭರ್ತಿ ಮಾಡಬೇಕು, ಗ್ರಂಥಾಲಯ ಸಮಿತಿ ಚರ್ಚಿಸಬೇಕು, ಪ್ರಾಂಶುಪಾಲರು ಸಹಿ ಹಾಕಬೇಕು, ಆಡಳಿತ ಮಂಡಳಿ ಮಾರ್ಚಿಯೊಳಗೆ ಒಪ್ಪಬೇಕು. ಏಪ್ರಿಲ್ ಒಂದಕ್ಕೆ ಹೊಸ ವರ್ಷ.

ಅಳುವ ಮಗುವಿಗೇ ಹಾಲು ಎಂಬ ಗಾದೆಯನ್ನು ಕಣ್ಣಾರೆ ನೋಡಬೇಕಾದರೆ ಗ್ರಂಥಾಲಯ ಸಮಿತಿಯ ಸಭೆಗೆ ಬರಬೇಕು. ಪುಸ್ತಕದ ಹೆಡ್ಡಿಗೆ ಪ್ರತಿಯೊಂದು ವಿಭಾಗದ ಮುಖ್ಯಸ್ಥರೂ ಅಳುತ್ತಿದ್ದರು. ರಸಾಯನಶಾಸ್ತ್ರದವರಿಗೆ ಕೊಟ್ಟರೆ ವಾಣಿಜ್ಯದವರ ಮುಖ ಉಬ್ಬುತ್ತಿತ್ತು. ನಿಯತಕಾಲಿಕೆಗಳಿಗೂ ಅಳುವವರಿದ್ದರು. ಅವುಗಳ ಚಂದಾ ಜನವರಿಯಿಂದ ಡಿಸೆಂಬರಿಗೆ, ನಮ್ಮ ಲೆಕ್ಕ ಏಪ್ರಿಲಿನಿಂದ ಮಾರ್ಚಿಗೆ. ಡಿಸೆಂಬರಿನಲ್ಲೇ ಡಿ.ಡಿ. ಕಳಿಸದಿದ್ದರೆ ಜನವರಿಯ ಸಂಚಿಕೆ ಬಾರದು ಎಂದು ಒಂದೊಂದು ಸಭೆಯಲ್ಲೂ ಹೊಸದಾಗಿ ವಿವರಿಸಬೇಕು. ಸದಸ್ಯತ್ವ ಶುಲ್ಕ ಎಂದರೆ ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೆ ಕಾಲೇಜಿನ ಹೆಸರಿನಲ್ಲಿ ಕಟ್ಟುವ ಸಣ್ಣ ಮೊತ್ತ. ಅದರ ಕಾರ್ಡಿನ ಮೇಲೆ ನಮ್ಮ ಅಧ್ಯಾಪಕರು ಅಲ್ಲಿಂದ ಪುಸ್ತಕ ತರಬಹುದಿತ್ತು. ಬೈಂಡಿಂಗಿಗೆ ಮಾತ್ರ ಯಾರೂ ಅಳುತ್ತಿರಲಿಲ್ಲ. ಅದಕ್ಕೆ ಅಳಬೇಕಾದವನು ನಾನು.

ಬೈಂಡಿಂಗ್ ಎಂದರೆ ಹರಿದ ಪುಸ್ತಕಕ್ಕೆ ರಟ್ಟು ಹಾಕುವುದು ಎಂದೇ ಎಲ್ಲರ ಎಣಿಕೆ. ಅದಕ್ಕಿಂತ ದೊಡ್ಡ ಕೆಲಸ ಒಂದಿತ್ತು. ಪುಸ್ತಕ ಬಂದ ದಿನವೇ ಅದಕ್ಕೆ ಆಕ್ಸೆಷನ್ ನಂಬರು ಬೀಳುತ್ತದೆ, ದೊಡ್ಡ ರಿಜಿಸ್ಟರಿನಲ್ಲಿ ಒಂದು ಸಾಲು ಸಿಗುತ್ತದೆ. ಅಲ್ಲಿಂದ ಮುಂದೆ ಅದು ಕಾಲೇಜಿನ ಆಸ್ತಿ. ಅದನ್ನು ತೆಗೆದು ಹಾಕಬೇಕಾದರೆ ಸಮಿತಿ, ಪಟ್ಟಿ, ಆಡಳಿತ ಮಂಡಳಿಯ ನಿರ್ಣಯ ಎಲ್ಲ ಬೇಕು. ಮಾಸಿಕ, ತ್ರೈಮಾಸಿಕಗಳ ಬಿಡಿ ಸಂಚಿಕೆಗಳಿಗೆ ಹಾಗಿಲ್ಲ. ಬಂದಾಗ ಒಂದು ಕಾರ್ಡಿನಲ್ಲಿ ಟಿಕ್ ಹಾಕುತ್ತೇವೆ, ಅಷ್ಟೇ. ವರ್ಷದ ಸಂಚಿಕೆಗಳನ್ನೆಲ್ಲ ಸೇರಿಸಿ ಹೊಲಿದು, ರಟ್ಟು ಹಾಕಿ, ಬೆನ್ನಿಗೆ ಹೆಸರು ಅಚ್ಚೊತ್ತಿ ತಂದ ಮೇಲೆಯೇ ಅದಕ್ಕೆ ನಂಬರು. ಅಲ್ಲಿಯವರೆಗೆ ಅದು ಹಳೆ ಪೇಪರು. ಹೊಸದಾಗಿ ಬಂದ ಅಟೆಂಡರಿಗೆ ನಾನೇ ಪಾಠ ಮಾಡುತ್ತಿದ್ದೆ, “ನಂಬರ್ ಉಂಟಾ ನೋಡು. ನಂಬರ್ ಇಲ್ಲದ್ದು ನಮ್ಮದಲ್ಲ.”

ನಮ್ಮ ಬೈಂಡರ್ ಬಂಟ್ವಾಳ ಪೇಟೆಯವರು, ವಯಸ್ಸಾದ ಬ್ಯಾರಿ ಮುಸಲ್ಮಾನರು. ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಮಾರ್ಚ್ ತಿಂಗಳಲ್ಲಿ ರಟ್ಟಿಗೆ ಹೊದಿಸುವ ಕ್ಯಾಲಿಕೋ ಬಟ್ಟೆಯ ತುಂಡುಗಳನ್ನು ಹಿಡಿದುಕೊಂಡು ಬಂದು ಬಣ್ಣ ಆರಿಸಲು ಹೇಳುತ್ತಿದ್ದರು. ರಜೆಯಲ್ಲಿ ನಮ್ಮ ಜಗಲಿಯಲ್ಲೇ ಕೂತು ಕೆಲಸ. ಮೈದಾದ ಅಂಟಿಗೆ ಮೈಲುತುತ್ತ ಬೆರೆಸುತ್ತಿದ್ದರು, ಹುಳ ಬಾರದಿರಲಿ ಎಂದು. ಆ ಎರಡು ತಿಂಗಳು ಮಹಡಿ ತುಂಬ ಅದರದ್ದೇ ವಾಸನೆ. ತೊಡಕು ಇದ್ದದ್ದು ಬಿಲ್ಲಿನಲ್ಲಿ. ಕೆಲಸ ಮುಗಿಯುವುದು ಮೇ ಕೊನೆಗೆ, ಹಣ ಖರ್ಚಾಗಬೇಕಾದದ್ದು ಮಾರ್ಚ್ ಮೂವತ್ತೊಂದರೊಳಗೆ, ಇಲ್ಲವಾದರೆ ಉಳಿದದ್ದು ಹಿಂದಕ್ಕೆ ಹೋಗುತ್ತದೆ. ಹಾಗಾಗಿ ಕಾಕಾ ಮಾರ್ಚಿಯಲ್ಲೇ ಬಿಲ್ಲು ಬರೆದು ಕೊಡುತ್ತಿದ್ದರು, ನಾನು ಚೆಕ್ಕನ್ನು ಮೇಜಿನೊಳಗೆ ಇಟ್ಟುಕೊಂಡು ಕೆಲಸ ಮುಗಿದ ದಿನ ಕೊಡುತ್ತಿದ್ದೆ. ಕದ್ದವರು ಯಾರೂ ಇಲ್ಲ, ಆದರೆ ಕಾಗದದಲ್ಲಿ ಅದು ಸುಳ್ಳೇ. ಒಂದು ವರ್ಷ ಆಡಿಟರು ಅದನ್ನು ಹಿಡಿದರು. ಮಾರ್ಚಿಯ ಬಿಲ್ಲು, ಜೂನ್ ತಿಂಗಳ ನಂಬರು, ನಡುವೆ ಪುಸ್ತಕ ಎಲ್ಲಿತ್ತು? ಪ್ರಾಂಶುಪಾಲರು ನನ್ನಿಂದ ಉತ್ತರ ಬರೆಸಿಕೊಂಡರು. ಅಂದಿನಿಂದ ಬೈಂಡಿಂಗ್ ಎಂದರೆ ಅವರಿಗೆ ತಲೆನೋವು.

ತೊಂಬತ್ತರ ದಶಕದ ಕೊನೆಯಲ್ಲಿ ಬೆಳುವಾಯಿಯ ಒಬ್ಬ ನಿವೃತ್ತ ಮಾಸ್ತರರು ರಿಕ್ಷಾದಲ್ಲಿ ಹತ್ತೊಂಬತ್ತು ಕಟ್ಟು ತಂದರು. ಎಂದೋ ನಿಂತುಹೋದ ಒಂದು ಕನ್ನಡ ಮಾಸಿಕದ ಹತ್ತೊಂಬತ್ತು ವರ್ಷದ ಸಂಚಿಕೆಗಳು, ಅವರ ತೀರಿಹೋದ ಹೆಂಡತಿ ಒಂದನ್ನೂ ಬಿಡದೆ ಜೋಡಿಸಿಟ್ಟದ್ದು. ಹೆಸರಾಂತ ಪತ್ರಿಕೆಯಲ್ಲ. ಅಡುಗೆ, ಕಸೂತಿ, ಮಕ್ಕಳ ಕೆಮ್ಮಿಗೆ ಮದ್ದು, ಕೊನೆಯಲ್ಲಿ ನಾಲ್ಕು ಪುಟ ಓದುಗ ಹೆಂಗಸರ ಪತ್ರಗಳು. “ನನ್ನ ಮನೆಯಲ್ಲಿ ಇನ್ನು ಇದನ್ನು ನೋಡುವವರು ಯಾರೂ ಇಲ್ಲ. ನಿಮ್ಮಲ್ಲಾದರೆ ಇರ್ತದೆ,” ಎಂದರು ಮಾಸ್ತರರು. ನಾನು ಕೃತಜ್ಞತೆಯ ಕಾಗದ ಬರೆದುಕೊಟ್ಟು, ಬೈಂಡ್ ಆದ ಮೇಲೆ ನಂಬರು ಹಾಕುವ ಎಂದು ಕಟ್ಟುಗಳನ್ನು ಹಿಂದಿನ ಕೋಣೆಯಲ್ಲಿಟ್ಟೆ. ಪ್ರತಿವರ್ಷ ವಿಜ್ಞಾನದ ಜರ್ನಲುಗಳೇ ಬೈಂಡಿಂಗಿನ ಹಣವನ್ನೆಲ್ಲ ನುಂಗಿದವು. ಕಟ್ಟುಗಳು ಅಲ್ಲೇ ಉಳಿದವು.

ಅವನ್ನು ಬಿಚ್ಚಿದವರು ನಮ್ಮ ಕನ್ನಡ ವಿಭಾಗದ ಅರೆಕಾಲಿಕ ಅಧ್ಯಾಪಕಿ. ಪುತ್ತಿಗೆಯಿಂದ ಬರುತ್ತಿದ್ದರು. ಪಾಠಕ್ಕೆ ಇಷ್ಟು ಎಂದು ಸಂಬಳ, ರಜೆಯಲ್ಲಿ ಅದೂ ಇಲ್ಲ. ಪಿಎಚ್.ಡಿ. ಆದರೆ ಖಾಯಂ ಹುದ್ದೆಗೆ ಹೆಸರು ಬರುವ ಸಾಧ್ಯತೆ ಇತ್ತು. ಆ ನಾಲ್ಕು ಪುಟದ ಪತ್ರಗಳನ್ನೇ ವಿಷಯ ಮಾಡಿಕೊಂಡು ಅವರು ನೋಂದಣಿ ಮಾಡಿಸಿದ್ದರು. ಬೇರೆಲ್ಲೂ ಆ ಪತ್ರಿಕೆಯ ಪೂರ್ತಿ ಸಂಚಿಕೆಗಳಿರಲಿಲ್ಲ. ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೆ ನಮ್ಮ ಕಾರ್ಡು ಹಿಡಿದು ಹೋಗಿ ಹುಡುಕಿ ಬರಿಗೈಯಲ್ಲಿ ಬಂದಿದ್ದರು.

ಶನಿವಾರ ಮಧ್ಯಾಹ್ನ ಬಂದು ನಾಲ್ಕು ಗಂಟೆಯ ಬಸ್ಸಿನವರೆಗೆ ಕೂತು ನೋಟ್ ಪುಸ್ತಕಕ್ಕೆ ನಕಲು ಮಾಡುತ್ತಿದ್ದರು. ಜೆರಾಕ್ಸ್ ಮಾಡಿಸಲು ನಾನೇ ಬಿಡಲಿಲ್ಲ. ಮಡಚಿದಲ್ಲಿ ಕಾಗದ ಹಪ್ಪಳದ ಹಾಗೆ ಮುರಿಯುತ್ತಿತ್ತು. ಒಮ್ಮೊಮ್ಮೆ ಕೌಂಟರಿಗೆ ಬಂದು ಒಂದು ಪತ್ರ ಓದಿ ಹೇಳುತ್ತಿದ್ದರು. ಗಂಡನಿಗೆ ಗೊತ್ತಿಲ್ಲದೆ ಚಂದಾ ಕಟ್ಟಿದವಳು, ಬೀಡಿ ಸುತ್ತುತ್ತಾ ಮಗಳಿಂದ ಓದಿಸಿ ಕೇಳುವವಳು, ಹೆಸರು ಹಾಕಬೇಡಿ ಎಂದು ಬರೆದವಳು.

“ಸರ್, ಇದನ್ನು ಬೈಂಡ್ ಮಾಡಿಸಿ ಸರ್. ನಾನು ತಿರುಗಿಸಿದ ಹಾಗೆ ತುಂಡಾಗ್ತಾ ಉಂಟು. ಹೆದರಿಕೆ ಆಗ್ತದೆ.”

“ಬರುವ ಏಪ್ರಿಲ್‌ಗೆ ಖಂಡಿತ,” ಎಂದೆ ನಾನು. “ಮೊದಲು ಇದು, ಆಮೇಲೆ ವಿಜ್ಞಾನ.”

ಮಾತು ಕೊಡುವಾಗ ನನ್ನ ಮನಸ್ಸಿನಲ್ಲಿ ಕಪಟವಿರಲಿಲ್ಲ ಎಂದು ಹೇಳಿಕೊಳ್ಳುತ್ತೇನೆ. ಅದರಿಂದ ಯಾರಿಗೂ ಮೂರು ಕಾಸಿನ ಪ್ರಯೋಜನವಿಲ್ಲ.

ಆ ಫೆಬ್ರವರಿಯ ಕಾಗದದಲ್ಲಿ ಹೊಸ ಸಾಲೊಂದು ಇತ್ತು: ಡಿಜಿಟಲ್ ಚಂದಾ. ಕಾಲೇಜಿನ ಮೌಲ್ಯಮಾಪನಕ್ಕೆ ಹೊರಗಿನಿಂದ ತಂಡ ಬರುವುದಿತ್ತು. ಅವರ ನಮೂನೆಯಲ್ಲಿ ವಿದ್ಯುನ್ಮಾನ ಸಂಪನ್ಮೂಲ ಎಂಬ ಕಾಲಮ್ ಇತ್ತು, ಅದು ಖಾಲಿ ಇರುವಂತಿಲ್ಲ. ಬೆಂಗಳೂರಿನ ಏಜೆಂಟನೊಬ್ಬ ಟೈ ಕಟ್ಟಿಕೊಂಡು ಬಂದು, ಪಾಸ್‌ವರ್ಡ್ ಹೊಡೆದರೆ ನೂರಾರು ಜರ್ನಲು ತೆರೆಯುತ್ತದೆ ಎಂದು ತೋರಿಸಿ ಹೋಗಿದ್ದ. ಚಂದಾ ದುಬಾರಿ, ಒಟ್ಟು ಬಜೆಟ್ ಮಾತ್ರ ಹಿಂದಿನಷ್ಟೇ.

“ಆಡಳಿತ ಮಂಡಳಿ ಒಂದು ರೂಪಾಯಿ ಜಾಸ್ತಿ ಕೊಡುವುದಿಲ್ಲ,” ಎಂದರು ಪ್ರಾಂಶುಪಾಲರು. “ಇದ್ದದ್ದರಲ್ಲೇ ಹೊಂದಿಸುವ. ಎಲ್ಲಿ ತೆಗೆಯುವುದು ಹೇಳಿ.”

ಪುಸ್ತಕಕ್ಕೆ ಕೈ ಹಾಕಿದರೆ ಆರು ವಿಭಾಗ ಎದ್ದು ನಿಲ್ಲುತ್ತಿತ್ತು. ಜರ್ನಲುಗಳ ಚಂದಾ ಕಡಿದರೆ ಡಿಸೆಂಬರಿನಲ್ಲಿ ಕಳಿಸಲು ಹಣವಿಲ್ಲದೆ ಸಂಚಿಕೆಗಳೇ ನಿಲ್ಲುತ್ತಿದ್ದವು. ಸದಸ್ಯತ್ವ ತೆಗೆದರೆ ಉಳಿಯುವುದು ಚಿಲ್ಲರೆ. ಎಲ್ಲರೂ ನನ್ನನ್ನು ನೋಡಿದರು. ಬೈಂಡಿಂಗ್ ಎಂದು ಯಾರೂ ಹೇಳಲಿಲ್ಲ, ಆಡಿಟರ ಮಾತನ್ನೂ ಯಾರೂ ಎತ್ತಲಿಲ್ಲ. ಪ್ರಾಂಶುಪಾಲರು ಕನ್ನಡಕ ಒರೆಸಿಕೊಂಡರು.

ನನಗೂ ಆಸೆ ಇತ್ತು. ನನ್ನ ಹೊಸ ವೇತನಶ್ರೇಣಿಯ ಕಡತ ಅದೇ ಪ್ರಾಂಶುಪಾಲರ ಮೇಜಿನಲ್ಲಿತ್ತು. ಮಹಡಿಯಲ್ಲಿ ಕಂಪ್ಯೂಟರು ಕೂತರೆ ನಾನೂ ಈ ಕಾಲದವನು ಎನಿಸಿಕೊಳ್ಳಬಹುದಿತ್ತು. ಪೆನ್ನು ತೆಗೆದು ಬೈಂಡಿಂಗಿನ ಎದುರು ಮೂರನೆಯ ಅಂಕಣದಲ್ಲಿ ದಪ್ಪಕ್ಕೆ ಬರೆದೆ: ನಿಲ್. “ಒಂದೇ ವರ್ಷಕ್ಕೆ,” ಎಂದು ಬಾಯಲ್ಲಿ ಹೇಳಿದೆ. ಕಾಗದದಲ್ಲಿ ಬರೆಯಲಿಲ್ಲ. ಎಲ್ಲರಿಗೂ ಸಮಾಧಾನವಾಯಿತು, ಅವಲಕ್ಕಿ ಚಹಾ ಬಂತು.

ಮಾರ್ಚಿಯಲ್ಲಿ ಕಾಕಾ ಬಟ್ಟೆಯ ತುಂಡುಗಳನ್ನು ಹಿಡಿದು ಮೆಟ್ಟಿಲು ಹತ್ತಿದರು. ಈ ವರ್ಷ ಕೆಲಸ ಇಲ್ಲ ಎಂದೆ. ಅವರು ತುಂಡುಗಳನ್ನು ಒಂದೊಂದಾಗಿ ಮಡಚಿ ಚೀಲಕ್ಕೆ ಹಾಕುತ್ತಾ ಕೇಳಿದರು:

“ಈ ವರ್ಷ ಇಲ್ಲ ಅಂತ ಹೇಳುದಾ ಸಾರ್, ಇನ್ನು ಇಲ್ಲ ಅಂತ ಹೇಳುದಾ?”

“ಈ ವರ್ಷ ಮಾತ್ರ ಕಾಕಾ.”

“ಹಾಗಾದ್ರೆ ಬಟ್ಟೆ ಕಟ್ ಮಾಡ್ಲಿಕ್ಕೆ ಹೋಗುದಿಲ್ಲ. ಹಾಗೇ ಇಡ್ತೇನೆ.”

ಅಧ್ಯಾಪಕಿಗೂ ಅದೇ ಮಾತು ಹೇಳಿದೆ. ಅವರ ಮುಖ ಸಣ್ಣದಾಯಿತು. “ನನ್ನ ದುಡ್ಡಿನಲ್ಲಿ ಎರಡು ಮೂರು ವರ್ಷದ್ದಾದರೂ ಮಾಡಿಸ್ಲಾ ಸರ್?” ಎಂದು ಕೇಳಿದರು. ಪಾಠದ ಲೆಕ್ಕದಲ್ಲಿ ಸಂಬಳ ಪಡೆಯುವವರಿಂದ ಹಣ ತೆಗೆದುಕೊಳ್ಳುವುದೇ ಎಂದು ನನ್ನ ಮರ್ಯಾದೆ ಅಡ್ಡ ಬಂತು. ನಿಯಮದಲ್ಲಿ ಅವಕಾಶವಿಲ್ಲ ಎಂದೆ. ಅಂಥ ನಿಯಮ ಎಲ್ಲೂ ಇರಲಿಲ್ಲ.

ತಂಡ ಬರುವುದು ಡಿಸೆಂಬರಿಗೆಂದು ನಿಶ್ಚಯವಾಯಿತು. ನವೆಂಬರಿನಲ್ಲಿ ನನ್ನನ್ನು ಮೂರು ವಾರದ ತರಬೇತಿಗೆ ಕಳಿಸಿದರು. ತರಬೇತಿ ಯಾವುದರಲ್ಲಿ ಎಂದರೆ ಗ್ರಂಥಾಲಯದಲ್ಲಿ ಕಂಪ್ಯೂಟರಿನ ಬಳಕೆ. ನಗಬೇಕೆನಿಸಿದರೆ ನಗಬಹುದು, ನನಗೇನೂ ಬೇಸರವಿಲ್ಲ.

ಹಿಂದಿರುಗಿದ ಸೋಮವಾರ ಹಿಂದಿನ ಕೋಣೆಗೆ ಸುಣ್ಣ ಬಳಿದಿತ್ತು. ಎರಡು ಕಂಪ್ಯೂಟರು, ನೀಲಿ ಪರದೆ, ಬಾಗಿಲ ಮೇಲೆ ‘ಡಿಜಿಟಲ್ ವಿಭಾಗ’ ಎಂಬ ಫಲಕ. ಕಟ್ಟುಗಳಿದ್ದ ಮೂಲೆಯಲ್ಲಿ ಯು.ಪಿ.ಎಸ್. ಕೂತಿತ್ತು.

“ಇಲ್ಲಿದ್ದ ಕಟ್ಟು ಎಲ್ಲಿಟ್ಟಿದ್ದೀಯ?” ಎಂದು ಅಟೆಂಡರನ್ನು ಕೇಳಿದೆ.

“ಗುಜರಿಯವನಿಗೆ ಹಾಕಿದ್ದು ಸರ್. ಆಫೀಸಿನಿಂದ ಹೇಳಿದ್ರು. ನಾನು ಪ್ರತಿಯೊಂದು ಕಟ್ಟನ್ನೂ ಬಿಚ್ಚಿ ನೋಡಿದ್ದೇನೆ, ಒಂದರಲ್ಲಿಯೂ ನಂಬರ್ ಇಲ್ಲ. ನಂಬರ್ ಇದ್ದ ಎರಡು ಪುಸ್ತಕ ಅದರೊಳಗೆ ಸಿಕ್ಕಿತ್ತು, ಅದನ್ನು ತೆಗೆದಿಟ್ಟಿದ್ದೇನೆ.”

ಆ ಎರಡು ಪುಸ್ತಕಗಳನ್ನು ತಂದು ನನ್ನ ಮುಂದಿಟ್ಟ. ನಾನು ಕಲಿಸಿದ್ದನ್ನು ಅಕ್ಷರಶಃ ಮಾಡಿದವನಿಗೆ ಏನೆಂದು ಬೈಯುವುದು? ಬೈದೆ. ಬಾಯಿಗೆ ಬಂದಂತೆ ಬೈದೆ. ಅದಕ್ಕೂ ಈಗ ನಾಚಿಕೆಯಾಗುತ್ತದೆ.

ಕೆಳಗೆ ಪ್ರಾಂಶುಪಾಲರ ಕೋಣೆಗೆ ಹೋದೆ. ಅವರು ಆಕ್ಸೆಷನ್ ರಿಜಿಸ್ಟರನ್ನೇ ತರಿಸಿದರು. “ಇದರಲ್ಲಿ ತೋರಿಸಿ, ಎಲ್ಲಿ ಉಂಟು? ನಾವು ನೋಡಿಯೇ ಕೊಟ್ಟದ್ದು ಮಾರಾಯ್ರೆ. ಸ್ಟಾಕಿನಲ್ಲಿ ಇಲ್ಲದ್ದನ್ನು ಇಟ್ಟುಕೊಂಡರೆ ತಂಡದವರು ಎಂತ ಕಸ ಇದು ಅಂತ ಕೇಳ್ತಾರೆ.” ಅವರು ಕೆಟ್ಟವರಲ್ಲ. ಮಾಡಿದ್ದರಲ್ಲಿ ನಿಯಮಕ್ಕೆ ವಿರುದ್ಧವಾದದ್ದು ಒಂದೂ ಇರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಮೂಡುಬಿದಿರೆಗೆ ಹೋದೆ. ಗುಜರಿ ಅಂಗಡಿಯವನಿಗೆ ನೆನಪಿತ್ತು. ಗುರುವಾರವೇ ಲಾರಿ ತುಂಬಿ ಹೋಗಿದೆ, ಹಳೆ ಕಾಗದವೆಲ್ಲ ಮಿಲ್ಲಿಗೆ ಎಂದ. “ಅದು ಸಾಮಾನು ಕಟ್ಟಲಿಕ್ಕೂ ಆಗುವ ಪೇಪರ್ ಅಲ್ಲ ಸರ್, ಮುಟ್ಟಿದ್ರೆ ಪುಡಿ. ನಿಮಗೆ ಬೇಕಿದ್ರೆ ಮೊದಲೇ ಹೇಳ್ಬೇಕಿತ್ತು.” ಅವನು ಹೇಳಿದ್ದೂ ಸರಿ. ಆ ದಿನ ನಾನೊಬ್ಬನನ್ನು ಬಿಟ್ಟು ಊರಿನ ಎಲ್ಲರೂ ಸರಿಯಾಗಿಯೇ ಇದ್ದರು.

ಶನಿವಾರ ಅಧ್ಯಾಪಕಿ ಬಂದರು. ನೋಟ್ ಪುಸ್ತಕ, ನೀರಿನ ಬಾಟಲಿ. ಫಲಕ ಓದಿದರು, ಪರದೆ ಸರಿಸಿ ಒಳಗೆ ನೋಡಿದರು, ತಿರುಗಿ ನನ್ನ ಕಡೆ ಬಂದರು. ನಾನು ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಅತ್ತುಬಿಡುತ್ತಾರೆ ಎಂದುಕೊಂಡಿದ್ದೆ. ಅಳಲಿಲ್ಲ.

“ನಾನು ನಾಲ್ಕು ವರ್ಷದ್ದು ಬರೆದುಕೊಂಡಿದ್ದೇನೆ. ಹದಿನೈದು ವರ್ಷದ್ದು ಬಾಕಿ ಉಂಟು,” ಎಂದರು. ಇತ್ತು ಎನ್ನಲು ಅವರಿಗೆ ಇನ್ನೂ ಬಾಯಿ ಬಂದಿರಲಿಲ್ಲ. ನೋಟ್ ಪುಸ್ತಕವನ್ನು ಕೌಂಟರಿನ ಮೇಲಿಟ್ಟು, “ಆ ಬಜೆಟಿನ ಕಾಗದ ತೋರಿಸ್ತೀರಾ ಸರ್?” ಎಂದು ಕೇಳಿದರು.

ಕಡತದಿಂದ ಪ್ರತಿ ತೆಗೆದು ಕೊಟ್ಟೆ. ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಬೈಂಡಿಂಗಿನ ಎದುರು ಬೆರಳು ನಿಂತಿತು.

“ಇದು ನಿಮ್ಮ ಅಕ್ಷರ.”

“ಹೌದು.”

“ಹಳಗನ್ನಡದಲ್ಲಿ ನಿಲ್ ಅಂದ್ರೆ ನಿಲ್ಲು, ಉಳಿ ಅಂತ ಅರ್ಥ ಸರ್. ಮೊನ್ನೆ ತಾನೇ ಕ್ಲಾಸಿನಲ್ಲಿ ಹೇಳಿದ್ದು.”

ಕಾಗದವನ್ನು ಮೊದಲಿದ್ದ ಹಾಗೆಯೇ ಮಡಚಿ ಕೊಟ್ಟು ಹೊರಟರು. ನಾಲ್ಕು ಗಂಟೆಯ ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ಅಷ್ಟು ಹೊತ್ತು ಬಸ್ ನಿಲ್ದಾಣದ ಕಲ್ಲಿನ ಮೇಲೆ ಕೂತಿದ್ದರು. ಮಹಡಿಯ ಕಿಟಕಿಯಿಂದ ಕಾಣುತ್ತಿತ್ತು. ನಾನು ಇಳಿದು ಹೋಗಲಿಲ್ಲ.

ತಂಡ ಬಂತು. ಕರೆಂಟು ಇತ್ತು, ಫೋನಿನ ಲೈನು ಸರಿಯಿತ್ತು, ಪಾಸ್‌ವರ್ಡ್ ಒಂದೇ ಸಲಕ್ಕೆ ತೆರೆಯಿತು. ಹಿರಿಯರೊಬ್ಬರು ಜರ್ನಲೊಂದರ ಮೊದಲ ಪುಟ ನೋಡಿ ತಲೆದೂಗಿದರು. ವರದಿಯಲ್ಲಿ ಗ್ರಂಥಾಲಯಕ್ಕೆ ಎರಡು ಸಾಲು ಒಳ್ಳೆಯ ಮಾತು ಬಂತು. ನನ್ನ ವೇತನಶ್ರೇಣಿಯ ಕಡತವೂ ಮುಂದೆ ಹೋಯಿತು.

ಮುಂದಿನ ಫೆಬ್ರವರಿಯಲ್ಲಿ ಬಂದ ಕಾಗದದಲ್ಲಿ ಬೈಂಡಿಂಗ್ ಎಂಬ ಸಾಲೇ ಇರಲಿಲ್ಲ. ಕಚೇರಿಯ ಟೈಪಿಸ್ಟಳನ್ನು ಕೇಳಿದೆ. ಖರ್ಚಿಲ್ಲದ ಹೆಡ್ಡನ್ನು ಕಂಪ್ಯೂಟರಿನ ನಮೂನೆಯಿಂದ ತೆಗೆಯಲು ಹೇಳಿದ್ದಾರೆ ಎಂದಳು. “ಕಳೆದ ವರ್ಷ ಇಲ್ಲದ್ದು ಈ ವರ್ಷ ಹೇಗೆ ಉಂಟಾಗ್ತದೆ ಸರ್?” ಕೆಳಗೆ ಕೈಯಲ್ಲೇ ಬರೆದು ಕಳಿಸಿದೆ. ಹೊಸ ಹೆಡ್ಡಿಗೆ ಆಡಳಿತ ಮಂಡಳಿಯ ಪ್ರತ್ಯೇಕ ಒಪ್ಪಿಗೆ ಬೇಕು ಎಂಬ ಷರಾ ಹೊತ್ತು ಹಿಂದಕ್ಕೆ ಬಂತು. ಮೂರು ವರ್ಷ ಬರೆದೆ, ಮೂರು ವರ್ಷ ಅದೇ ಷರಾ. ಕಾಕಾ ಎರಡು ಮಾರ್ಚಿ ಬಂದು ವಿಚಾರಿಸಿ ಹೋದರು. ಮೂರನೆಯ ಮಾರ್ಚಿಗೆ ಬರಲಿಲ್ಲ. ಕಣ್ಣು ಕಾಣುವುದಿಲ್ಲ, ಅಂಗಡಿಯಲ್ಲಿ ಈಗ ಮಗ ಮದುವೆ ಕಾಗದ ಮಾರುತ್ತಾನೆ ಎಂದು ಯಾರೋ ಹೇಳಿದರು.

ಡಿಜಿಟಲ್ ಚಂದಾ ಎಷ್ಟು ವರ್ಷ ನಡೆಯಿತೆಂದು ಕೇಳಿದರೆ, ಒಂದು. ತಂಡ ಬಂದು ಹೋದ ಮೇಲೆ ಅದಕ್ಕೆ ಅಳುವವರಿರಲಿಲ್ಲ. ಅವಧಿ ಮುಗಿದ ಮರುದಿನ ಪಾಸ್‌ವರ್ಡ್ ಹೊಡೆದೆ. ನಿಮ್ಮ ಚಂದಾ ಮುಗಿದಿದೆ ಎಂದಿತು. ಕಾಗದದ ಜರ್ನಲಾದರೆ ಚಂದಾ ನಿಲ್ಲಿಸಿದರೂ ಅದುವರೆಗೆ ಬಂದದ್ದು ಕಪಾಟಿನಲ್ಲಿರುತ್ತದೆ. ಇಲ್ಲಿ ಕೊಟ್ಟ ಹಣಕ್ಕೆ ಒಂದು ಪುಟ ಉಳಿಯಲಿಲ್ಲ. ಅದೂ ಹೋಯಿತು, ಇದೂ ಹೋಯಿತು.

ಅಧ್ಯಾಪಕಿಯ ಮಾರ್ಗದರ್ಶಕರು ನಾಲ್ಕು ವರ್ಷದ ಪತ್ರಗಳು ಸಾಲವು ಎಂದರು. ಬೇರೆ ವಿಷಯ ತೆಗೆದುಕೊಳ್ಳುವಷ್ಟು ಅವಧಿ ಉಳಿದಿರಲಿಲ್ಲ. ನೋಂದಣಿ ರದ್ದಾಯಿತು. ಖಾಯಂ ಹುದ್ದೆ ಬಂದಾಗ ಪದವಿ ಇದ್ದ ಇನ್ನೊಬ್ಬರಿಗೆ ಹೋಯಿತು. ಅಧ್ಯಾಪಕಿ ಉಜಿರೆಯಲ್ಲಿ ಹಾಸ್ಟೆಲ್ ವಾರ್ಡನ್ ಆದರು. ಒಮ್ಮೆ ಧರ್ಮಸ್ಥಳದ ಬಸ್ಸಿನಲ್ಲಿ ಕಂಡಾಗ ಎದ್ದು ನನಗೆ ಸೀಟು ಬಿಟ್ಟುಕೊಟ್ಟರು. ಹೇಗಿದ್ದೀರಿ ಸರ್ ಎಂದರು. ನಾನು ಆ ಸೀಟಿನಲ್ಲಿ ಕೂತೆ.

ನಿವೃತ್ತಿಯ ತಿಂಗಳು ಸ್ಟಾಕ್ ಎಣಿಕೆಯಾಯಿತು. ಆಕ್ಸೆಷನ್ ರಿಜಿಸ್ಟರನ್ನು ಹಿಡಿದು ಮೂವರು ಹತ್ತು ದಿನ ಪ್ರತಿಯೊಂದು ನಂಬರನ್ನೂ ತಾಳೆ ನೋಡಿದರು. ಅಷ್ಟು ವರ್ಷಗಳಲ್ಲಿ ಒಂದು ಪುಸ್ತಕವೂ ಕಳೆದುಹೋಗಿರಲಿಲ್ಲ. ಇಂಥದ್ದನ್ನು ಎಲ್ಲೂ ಕಂಡಿಲ್ಲ ಎಂದು ಬೀಳ್ಕೊಡುಗೆಯ ದಿನ ಪ್ರಾಂಶುಪಾಲರು ಹೊಗಳಿ ಶಾಲು ಹೊದೆಸಿದರು. ಅದಕ್ಕೆ ಮೊದಲು ಪ್ರಮಾಣಪತ್ರವೊಂದನ್ನು ಭರ್ತಿ ಮಾಡಿ ಸಹಿ ಹಾಕಬೇಕಿತ್ತು. ಇವರ ಅವಧಿಯಲ್ಲಿ ಗ್ರಂಥಾಲಯಕ್ಕೆ ಆದ ನಷ್ಟ ಎಂದು ಅಚ್ಚಾಗಿತ್ತು, ಎದುರಿಗೆ ಖಾಲಿ ಜಾಗ. ಹೊಸ ಗ್ರಂಥಪಾಲಕ ಪೆನ್ನು ತೆರೆದು ಕೈಗೆ ಕೊಟ್ಟ. ನಾನು ಬರೆದೆ: ನಿಲ್.